ಬಿಪಿ ಮಾತ್ರೆ ದಿನಕ್ಕೊಂದು, ಜ್ವರದ ಮಾತ್ರೆ ನಾಲ್ಕು ಸಲ ಯಾಕೆ?

ಪ್ರಶ್ನೆ: ಅಪ್ಪನಿಗೆ ಬಿಪಿಗೆ ಅಮ್ಲೊಡಿಪಿನ್ ಕೊಟ್ಟಿದ್ದಾರೆ, ದಿನಕ್ಕೆ ಒಂದೇ ಮಾತ್ರೆ. ನನಗೆ ಜ್ವರ ಬಂದಾಗ ಮಾತ್ರ ಪ್ಯಾರಾಸಿಟಮಾಲ್ ನಾಲ್ಕು ಸಲ. ಹಾಫ್‌ಲೈಫ್ ಅಂತಾರಲ್ಲ, ಅದೇ ಕಾರಣವಾ? ನಾಲ್ಕನ್ನೂ ಬೆಳಿಗ್ಗೆ ಒಟ್ಟಿಗೇ ನುಂಗಿದರೆ ಆಗಲ್ವಾ?

ಆಗುವುದಿಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ನಾನು ಫಾರ್ಮಸಿಸ್ಟ್, ಈ ಪ್ರಶ್ನೆಯನ್ನು ಕೌಂಟರಿನಲ್ಲೂ ಕೇಳುತ್ತಾರೆ.

ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು ಬೇಕೋ ಅದೇ ಹಾಫ್‌ಲೈಫ್. ಪ್ಯಾರಾಸಿಟಮಾಲ್‌ಗೆ ಅದು ಸುಮಾರು 2ರಿಂದ 3 ಗಂಟೆ. ಲೆಕ್ಕಕ್ಕೆ 2 ಅಂತಲೇ ಇಟ್ಟುಕೊಳ್ಳೋಣ. ರಕ್ತದಲ್ಲಿ 16 ಪಾಲು ಇದ್ದರೆ 2 ಗಂಟೆಗೆ 8, 4 ಗಂಟೆಗೆ 4, 6 ಗಂಟೆಗೆ 2. ಅಷ್ಟು ಹೊತ್ತಿಗೆ ಮೈ ಮತ್ತೆ ಬಿಸಿಯಾಗಲು ಶುರುವಾಗಿರುತ್ತದೆ, ಅದಕ್ಕೇ ಇನ್ನೊಂದು ಮಾತ್ರೆ.

ಇಲ್ಲಿ ಒಂದು ವಿಷಯ ಗಮನಿಸಿ. ದೇಹ ಗಂಟೆಗೆ ಇಷ್ಟು ಮಿಲಿಗ್ರಾಂ ಅಂತ ಲೆಕ್ಕ ಇಟ್ಟು ಹೊರಹಾಕುವುದಿಲ್ಲ, ಇದ್ದದ್ದರಲ್ಲಿ ಇಷ್ಟು ಪಾಲು ಅಂತ ಹೊರಹಾಕುತ್ತದೆ. ಹಾಗಾಗಿ ಎರಡು ಪಟ್ಟು ನುಂಗಿ 32ರಿಂದ ಶುರು ಮಾಡಿದರೂ 2 ಗಂಟೆಯಲ್ಲಿ ಅದೇ 16ಕ್ಕೆ ಬಂದು ನಿಲ್ಲುತ್ತೀರಿ. ಡೋಸ್ ದುಪ್ಪಟ್ಟು, ಸಿಕ್ಕಿದ್ದು ಒಂದೇ ಒಂದು ಹಾಫ್‌ಲೈಫ್ ಜಾಸ್ತಿ! ನಾಲ್ಕು ಪಟ್ಟು ನುಂಗಿದರೆ ಎರಡು ಹಾಫ್‌ಲೈಫ್, ಅಂದರೆ ಬರೀ 4 ಗಂಟೆ. ರಾತ್ರಿಗೆ ಏನೂ ಉಳಿದಿರುವುದಿಲ್ಲ. ಆದರೆ ಬೆಳಿಗ್ಗೆ ಆ ಅಷ್ಟೂ ಔಷಧ ಒಮ್ಮೆಗೇ ಲಿವರಿನ ಮೇಲೆ ಬಿದ್ದಿರುತ್ತದೆ. ಪ್ಯಾರಾಸಿಟಮಾಲ್ ಒಡೆಯುವಾಗ ಸ್ವಲ್ಪ ವಿಷದ ಅಂಶವೂ ಹುಟ್ಟುತ್ತದೆ. ಅದು ಸ್ವಲ್ಪವೇ ಇದ್ದಾಗ ಲಿವರ್ ನಿಭಾಯಿಸುತ್ತದೆ, ಜಾಸ್ತಿಯಾದಾಗ ಲಿವರಿಗೇ ಪೆಟ್ಟು.

ಅಪ್ಪನ ಅಮ್ಲೊಡಿಪಿನ್ ಕಥೆ ಪೂರ್ತಿ ಬೇರೆ. ಅದರ ಹಾಫ್‌ಲೈಫ್ 30ರಿಂದ 50 ಗಂಟೆ. ಒಂದು ದಿನ ಕಳೆದರೂ ಸುಮಾರು ಮೂರನೇ ಒಂದು ಭಾಗ ಮಾತ್ರ ಹೋಗಿರುತ್ತದೆ, ಅಷ್ಟರಲ್ಲಿ ಮರುದಿನದ ಮಾತ್ರೆ ಬಂದು ಸೇರುತ್ತದೆ. ಮೊದಲ ದಿನ 100 ಪಾಲು ಅಂದುಕೊಳ್ಳಿ. ಮರುದಿನ ಉಳಿದ 67ಕ್ಕೆ ಹೊಸ 100 ಸೇರಿ 167. ಮೂರನೇ ದಿನ 211. ಹೀಗೆ ಏರುತ್ತಾ ಏರುತ್ತಾ 300ರ ಹತ್ತಿರ ನಿಲ್ಲುತ್ತದೆ, ಯಾಕೆಂದರೆ 300ರ ಮೂರನೇ ಒಂದು ಭಾಗ 100, ದಿನಾ ಒಳಗೆ ಬರುವಷ್ಟೇ ಹೊರಗೂ ಹೋಗುತ್ತಿರುತ್ತದೆ. ಈ ಸಮಕ್ಕೆ ಬರಲು ಹೆಚ್ಚಿನ ಔಷಧಗಳಿಗೆ ನಾಲ್ಕೈದು ಹಾಫ್‌ಲೈಫ್ ಬೇಕು. ಅಮ್ಲೊಡಿಪಿನ್‌ಗೆ ಅದು ಒಂದು ವಾರದ ಮಾತು.

ಇದು ಗೊತ್ತಿಲ್ಲದೆ ಆದ ತೊಂದರೆಯನ್ನು ನಾನೇ ನೋಡಿದ್ದೇನೆ. ಹಿರಿಯರೊಬ್ಬರು ಮೂರನೇ ದಿನ ಮನೆಯಲ್ಲಿ ಬಿಪಿ ನೋಡಿಕೊಂಡು, ಇಳಿದೇ ಇಲ್ಲ ಅಂತ ತಾವೇ ದಿನಕ್ಕೆ ಎರಡು ಮಾತ್ರೆ ಶುರು ಮಾಡಿದ್ದರು. ಮುಂದಿನ ವಾರ ಬಂದಾಗ ಎರಡೂ ಕಾಲಿನ ಹರಡು ಊದಿಕೊಂಡು, ಚಪ್ಪಲಿಯ ಪಟ್ಟಿಯ ಗುರುತು ಚರ್ಮದಲ್ಲಿ ಅಚ್ಚೊತ್ತಿದ ಹಾಗೆ ಕೂತಿತ್ತು. ಎದ್ದು ನಿಂತರೆ ತಲೆ ಸುತ್ತು ಬೇರೆ. ಡಾಕ್ಟರ್ ಹತ್ತಿರ ಕಳಿಸಿದೆ, ಅವರು ಡೋಸ್ ಇಳಿಸಿದರು. ಆದರೂ ಊತ ಮರುದಿನವೇ ಇಳಿಯಲಿಲ್ಲ. ನಿಧಾನವಾಗಿ ಏರಿದ ಔಷಧ ಇಳಿಯುವುದೂ ನಿಧಾನವೇ ಅಲ್ವಾ?

ಹಾಗಂತ ಎಲ್ಲವನ್ನೂ ಹಾಫ್‌ಲೈಫ್ ಒಂದರಿಂದಲೇ ಅಳೆಯಬೇಡಿ. ಅಸಿಡಿಟಿಗೆ ಕೊಡುವ ಒಮೆಪ್ರಜೋಲ್ ಹಾಫ್‌ಲೈಫ್ ಸುಮಾರು 1 ಗಂಟೆ ಅಷ್ಟೇ, ಆದರೂ ಸಾಮಾನ್ಯವಾಗಿ ದಿನಕ್ಕೊಂದೇ. ಅದು ಹೊಟ್ಟೆಯಲ್ಲಿ ಆಮ್ಲ ಸುರಿಸುವ ಪಂಪುಗಳಿಗೆ ಅಂಟಿಕೊಂಡು ಅವನ್ನು ನಿಲ್ಲಿಸಿಬಿಡುತ್ತದೆ. ಔಷಧ ರಕ್ತದಿಂದ ಹೋದ ಮೇಲೂ, ದೇಹ ಹೊಸ ಪಂಪು ಕಟ್ಟಿಕೊಳ್ಳುವವರೆಗೆ ಪರಿಣಾಮ ಉಳಿಯುತ್ತದೆ.

ಇನ್ನು ಕೆಲವು ಮಾತ್ರೆಗಳ ಹೆಸರಿನ ಪಕ್ಕ SR, XR ಅಥವಾ ER ಅಂತ ಇರುತ್ತದೆ. ಅವುಗಳ ಒಳಗಿನ ಔಷಧ ಬೇಗ ಖಾಲಿಯಾಗುವಂಥದ್ದೇ, ಆದರೆ ಮಾತ್ರೆ ಅದನ್ನು ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ನುಂಗಲು ಕಷ್ಟ ಅಂತ ಪುಡಿ ಮಾಡಿದರೆ ಇಡೀ ದಿನದ್ದು ಒಂದೇ ಸಲ ರಕ್ತಕ್ಕೆ ಇಳಿಯುತ್ತದೆ. ನೀವು ಕೇಳಿದ ನಾಲ್ಕೂ ಒಟ್ಟಿಗೆ ನುಂಗುವುದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ.

ಅಪ್ಪನ ಬಿಪಿಯನ್ನು ದಿನಾ ಒಂದೇ ಹೊತ್ತಿಗೆ ನೋಡಿ ಬರೆದಿಡಿ. ಮಾತ್ರೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಅನ್ನುವುದನ್ನು ಎರಡು ವಾರದ ಆ ಚೀಟಿ ನೋಡಿ ಡಾಕ್ಟರ್ ಹೇಳುತ್ತಾರೆ. ನಡುವೆ ಬಿಪಿ ತೀರಾ ಏರಿದರೆ, ಎದೆನೋವು ಅಥವಾ ತಲೆಸುತ್ತು ಬಂದರೆ ಅಷ್ಟು ದಿನ ಕಾಯಬೇಡಿ, ಆಗಲೇ ತೋರಿಸಿ.