ಹುಡುಗ ಬಂದ, ಹುಂಜ ಬಂತು

ಪ್ರಶ್ನೆ: ಹಿಂದಿಯಲ್ಲಿ ಕುರ್ಚಿ ಹೆಣ್ಣಂತೆ, ಬಾಗಿಲು ಗಂಡಂತೆ. ಫ್ರೆಂಚಿನಲ್ಲೂ ಇದೇ ಗೋಳು. ಕನ್ನಡದಲ್ಲಿ ಯಾಕೆ ಈ ರಗಳೆ ಇಲ್ಲ? ನಿಜವಾದ ವ್ಯತ್ಯಾಸ ಏನು?

ಕನ್ನಡದಲ್ಲಿ ಲಿಂಗವನ್ನು ಅರ್ಥದಿಂದ ಗುರುತಿಸುತ್ತೇವೆ. ಹಿಂದಿ, ಫ್ರೆಂಚಿನಲ್ಲಿ ಅದು ಪದಕ್ಕೇ ಅಂಟಿಕೊಂಡಿರುತ್ತದೆ. ಆದರೆ ‘ಕನ್ನಡದ್ದು ಸಹಜ ಲಿಂಗ’ ಅಂತ ಹೇಳಿ ಸುಮ್ಮನಾದರೆ ಅರ್ಧ ಮಾತ್ರ ಸರಿ. ಹುಂಜ ಗಂಡು ಅನ್ನೋದರಲ್ಲಿ ಯಾರಿಗೂ ಅನುಮಾನವಿಲ್ಲ, ಆದರೂ ‘ಹುಂಜ ಕೂಗಿತು’ ಅನ್ನುತ್ತೇವೆ, ‘ಕೂಗಿದ’ ಅನ್ನುವುದಿಲ್ಲ. ಎತ್ತು, ಹಸು ಎರಡೂ ‘ಬಂತು’. ಅಂದರೆ ಕನ್ನಡ ಮೊದಲು ಕೇಳುವುದು ‘ಇದು ಮನುಷ್ಯನಾ?’ ಅಂತ. ಹೌದು ಅಂದರೆ ಮಾತ್ರ ಗಂಡೋ ಹೆಣ್ಣೋ ಅನ್ನುವ ಪ್ರಶ್ನೆ. ಬಹುವಚನಕ್ಕೆ ಹೋದರೆ ಆ ಎರಡನೆಯ ಪ್ರಶ್ನೆಯೂ ಬಿದ್ದುಹೋಗುತ್ತದೆ: ಹುಡುಗರೂ ಹುಡುಗಿಯರೂ ‘ಬಂದರು’, ಹುಂಜಗಳು ‘ಬಂದವು’. ಹಿಂದಿಯಲ್ಲಿ ಬಹುವಚನದಲ್ಲೂ ‘ಲಡಕೇ ಆಏ’, ‘ಲಡಕಿಯಾಂ ಆಈಂ’ ಅಂತ ಬೇರೆಬೇರೆಯೇ.

ಕ್ರಿಯಾಪದ ಬಿಟ್ಟರೆ ಈ ಭೇದ ಎಣಿಕೆಯಲ್ಲಿ ಕಾಣುತ್ತದೆ (ಒಬ್ಬ ಹುಡುಗ, ಒಬ್ಬಳು ಹುಡುಗಿ, ಒಂದು ಹುಂಜ, ಇಬ್ಬರು ಹುಡುಗರು, ಎರಡು ಹುಂಜ). ಅಕಾರಾಂತ ಪದಗಳ ವಿಭಕ್ತಿಯಲ್ಲೂ ಕಾಣುತ್ತದೆ: ರಾಮನಿಗೆ, ಆದರೆ ಮರಕ್ಕೆ. ಈ ‘ಕ್ಕೆ’ ಒಳ್ಳೆಯ ಪರೀಕ್ಷೆ. ಸಂಸ್ಕೃತದಲ್ಲಿ ಆತ್ಮ ಪುಲ್ಲಿಂಗ, ಹಿಂದಿಗೆ ಬಂದು ‘ಆತ್ಮಾ’ ಸ್ತ್ರೀಲಿಂಗವಾಯಿತು. ನಾವು ‘ಆತ್ಮಕ್ಕೆ ಶಾಂತಿ ಸಿಗಲಿ’ ಅನ್ನುತ್ತೇವೆ, ಮನುಷ್ಯನಲ್ಲ ಅಂದಮೇಲೆ ನಪುಂಸಕ. ಸೂರ್ಯ, ಚಂದ್ರರನ್ನು ಮಾತ್ರ ನಮ್ಮ ಭಾಷೆ ಮನುಷ್ಯರ ಸಾಲಿಗೆ ಸೇರಿಸಿಕೊಂಡಿದೆ, ಹಾಗಾಗಿ ಸೂರ್ಯನಿಗೆ, ಚಂದ್ರನಿಗೆ. ನದಿಯ ವಿಷಯದಲ್ಲಿ ಆಯ್ಕೆ ನಿಮ್ಮದು. ಕಾವೇರಿ ಹರಿಯುತ್ತದೆ ಅಂದರೆ ನೀರು, ಹರಿಯುತ್ತಾಳೆ ಅಂದರೆ ತಾಯಿ. ಹಿಂದಿಯ ‘ನದೀ’ಗೆ ಈ ಸ್ವಾತಂತ್ರ್ಯವಿಲ್ಲ, ಅದು ಯಾವಾಗಲೂ ಸ್ತ್ರೀಲಿಂಗ.

ನಮ್ಮಲ್ಲೂ ಒಂದು ತೊಡಕು ಇದೆ: ಮಗು. ಮನುಷ್ಯನೇ ಆದರೂ ‘ಒಂದು ಮಗು ಅತ್ತಿತು’. ಬಹುವಚನದಲ್ಲಿ ತಕ್ಷಣ ದೊಡ್ಡವರ ಸಾಲಿಗೆ ಬಡ್ತಿ, ‘ಇಬ್ಬರು ಮಕ್ಕಳು ಅತ್ತರು’. ಹವ್ಯಕರ ಮಾತಿನಲ್ಲಿ ಹೆಂಗಸರಿಗೂ ‘ಅದು’ ಬಳಸುತ್ತಾರೆ, ಅದು ಅಗೌರವವಲ್ಲ. ತೆಲುಗಿನಲ್ಲಂತೂ ಏಕವಚನದಲ್ಲಿ ಅವಳಿಗೂ ಅದಕ್ಕೂ ಒಂದೇ ಕ್ರಿಯಾರೂಪ, ‘ವಚ್ಚಿಂದಿ’.

ಕನ್ನಡಿಗರು ಹಿಂದಿಯಲ್ಲಿ ಎಡವುವುದು ಕುರ್ಚಿಯ ಲಿಂಗ ಗೊತ್ತಿಲ್ಲದ್ದಕ್ಕಿಂತ, ಆ ಲಿಂಗ ವಾಕ್ಯದಲ್ಲಿ ಎಲ್ಲೆಲ್ಲಿ ಹರಡುತ್ತದೆ ಅಂತ ಗೊತ್ತಿಲ್ಲದ್ದಕ್ಕೆ. ಕನ್ನಡದಲ್ಲಿ ‘ಒಳ್ಳೆಯ’ ಯಾರ ಮುಂದೆ ನಿಂತರೂ ಬದಲಾಗದು. ಹಿಂದಿಯಲ್ಲಿ ಅಚ್ಛಾ ಘರ್, ಅಚ್ಛೀ ಕಿತಾಬ್. ‘ರಾಮನ’ ಅನ್ನೋದೂ ನಮ್ಮಲ್ಲಿ ಒಂದೇ ರೂಪ. ಅಲ್ಲಿ ರಾಮ್ ಕಾ ಘರ್, ರಾಮ್ ಕೀ ಕಿತಾಬ್. ಯಾರದ್ದು ಅನ್ನೋದು ಮುಖ್ಯವಲ್ಲ, ಯಾವ ವಸ್ತು ಅನ್ನೋದು ಮುಖ್ಯ. ಫ್ರೆಂಚಿನ ‘ಸೋಂ’, ‘ಸಾ’ ಕೂಡ ಹೀಗೇ: ಮಗನ ತಾಯಿಯಾಗಲಿ ಮಗಳ ತಾಯಿಯಾಗಲಿ ‘ಸಾ ಮೇರ್’.

ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದು ‘ನೇ’. ‘ರಾಮ ರೊಟ್ಟಿ ತಿಂದ, ಸೀತೆ ಮಾವಿನಹಣ್ಣು ತಿಂದಳು’ ಅನ್ನೋದನ್ನು ಹಿಂದಿಯಲ್ಲಿ ಹೇಳಿ ನೋಡಿ: ‘ರಾಮ್ ನೇ ರೋಟೀ ಖಾಈ, ಸೀತಾ ನೇ ಆಮ್ ಖಾಯಾ’. ರಾಮನಿಗೆ ಸ್ತ್ರೀಲಿಂಗದ ಕ್ರಿಯೆ, ಸೀತೆಗೆ ಪುಲ್ಲಿಂಗದ್ದು! ‘ನೇ’ ಬಂದ ಕೂಡಲೇ ಕ್ರಿಯಾಪದ ಕರ್ತೃವನ್ನು ಬಿಟ್ಟು ಕರ್ಮವನ್ನು ಹಿಡಿಯುತ್ತದೆ. ರೋಟೀ ಸ್ತ್ರೀಲಿಂಗ, ಆಮ್ ಪುಲ್ಲಿಂಗ. ಕರ್ಮಕ್ಕೆ ‘ಕೋ’ ಸೇರಿದರೆ ಆ ಹಿಡಿತವೂ ತಪ್ಪಿ ಸುಮ್ಮನೆ ‘ಆ’ಕಾರದ ರೂಪ ಬರುತ್ತದೆ: ‘ಸೀತಾ ನೇ ಲಡಕೀ ಕೋ ದೇಖಾ’. ‘ರಾಮ್ ನೇ ರೋಟೀ ಖಾಯಾ’ ಅನ್ನುವವರು ಕರ್ತೃವಿಗೆ ಕ್ರಿಯೆ ಹೊಂದಿಸುವ ಕನ್ನಡದ ಅಭ್ಯಾಸವನ್ನೇ ಅಲ್ಲಿಗೂ ಒಯ್ದಿರುತ್ತಾರೆ.

ಲಿಂಗ ನೆನಪಿಡಲು ‘ಈ’ಕಾರಾಂತವೆಲ್ಲ ಸ್ತ್ರೀಲಿಂಗ ಅನ್ನುವ ಸೂತ್ರವನ್ನು ಅರೆಬರೆ ನಂಬಿ. ಪಾನೀ, ಘೀ, ಮೋತೀ, ಹಾಥೀ ಎಲ್ಲ ಪುಲ್ಲಿಂಗ. ಪದವನ್ನು ಒಂಟಿಯಾಗಿ ಉರುಹೊಡೆಯುವ ಬದಲು ‘ಬಡೀ ಮೇಜ್’, ‘ಠಂಡಾ ಪಾನೀ’ ಅಂತ ಜೋಡಿಯಾಗಿ ಕಲಿಯಿರಿ. ಫ್ರೆಂಚಿನಲ್ಲಿ ‘ಲ’, ‘ಲಾ’ ಜೊತೆ ಕಲಿತರೆ ಸ್ವರದಿಂದ ಶುರುವಾಗುವ ಪದಗಳಲ್ಲಿ ಎರಡೂ ಕುಗ್ಗಿ `l'` ಆಗಿ ಲಿಂಗ ಮರೆಯಾಗುತ್ತದೆ. `l'arbre`, `l'eau` ನೋಡಿದರೆ ಏನೂ ತಿಳಿಯದು. `un arbre` ಪುಲ್ಲಿಂಗ, `une eau` ಸ್ತ್ರೀಲಿಂಗ ಅಂತ ಬರೆದಿಟ್ಟುಕೊಳ್ಳಿ.