ಹರಿದ ಅಂಚಿನಲ್ಲಿ ಉಳಿದ ಅರ್ಧ ಅಂಕಿ

ಪ್ರಶ್ನೆ: ನಾಲ್ಕು ಸಾಲುಗಳ ಒಂದು ಬಿಲ್ಲಿನ ಫೋಟೊ ನನ್ನ ಬಳಿ ಇದೆ. ಕಾಗದದ ಬಲ ಅಂಚು ಹರಿದಿರುವುದರಿಂದ ಮೂರನೇ ಸಾಲಿನ ಮೊತ್ತದಲ್ಲಿ 31 ಮಾತ್ರ ಕಾಣುತ್ತದೆ. ಲೆಕ್ಕದ ಹಾಳೆಯಲ್ಲಿ ಏನೆಂದು ಬರೆಯಲಿ?

ಉತ್ತರ: ಮೊದಲು ಎಷ್ಟು ಅಂಕಿಗಳು ಹೋಗಿವೆ ಎಂಬುದನ್ನು ಗೊತ್ತುಮಾಡಿಕೊಳ್ಳಿ. ಮುದ್ರಿತ ಬಿಲ್ಲಿನಲ್ಲಿ ಮೊತ್ತಗಳನ್ನು ಸಾಮಾನ್ಯವಾಗಿ ಬಲಕ್ಕೆ ಒತ್ತಿ ಜೋಡಿಸಿರುತ್ತಾರೆ. ಆದ್ದರಿಂದ ಮೇಲಿನ ಸಾಲುಗಳ ದಶಮಾಂಶ ಬಿಂದುವಿನಿಂದ ಕೆಳಕ್ಕೆ ಒಂದು ಗೆರೆ ಎಳೆದುಕೊಂಡರೆ, 31ರ ನಂತರ ಬಿಂದುವಿಗೆ ಮುನ್ನ ಎಷ್ಟು ಅಂಕಿಗಳಿಗೆ ಜಾಗವಿತ್ತು ಎಂಬುದು ತಿಳಿಯುತ್ತದೆ. ಒಂದೇ ಅಂಕಿಯ ಜಾಗವಿದ್ದರೆ ಅದನ್ನು `31?.??` ಎಂದು ಬರೆದಿಡಿ. ಕಂಡದ್ದನ್ನು ಹೀಗೆ ದಾಖಲಿಸಿದ ಮೇಲೆಯೇ ಲೆಕ್ಕಕ್ಕೆ ಕೈಹಾಕಬೇಕು. ಉತ್ತರ ಮೊದಲೇ ಗೊತ್ತಿದ್ದರೆ ಕಣ್ಣು ಅದಕ್ಕೆ ಹೊಂದುವ ಅಂಕಿಯನ್ನೇ ಕಾಣತೊಡಗುತ್ತದೆ.

ಉದಾಹರಣೆಗೆ, ಉಳಿದ ಮೂರು ಸಾಲುಗಳು 240.00, 187.50 ಮತ್ತು 96.00 ಆಗಿದ್ದು, ಕೆಳಗಿನ ಒಟ್ಟು ಮೊತ್ತ 838.50 ಎಂದು ಪೂರ್ತಿಯಾಗಿ ಕಾಣುತ್ತಿದೆ ಎಂದುಕೊಳ್ಳಿ. ಮೂರರ ಮೊತ್ತವಾದ 523.50 ಅನ್ನು ಕಳೆದರೆ 315.00 ಉಳಿಯುತ್ತದೆ. ಆದರೆ ಒಟ್ಟಿನಿಂದಲೇ ಪಡೆದ ಸಂಖ್ಯೆಯನ್ನು ಮತ್ತೆ ಕೂಡಿ ಒಟ್ಟು ಸರಿಬಂತೆಂದು ಸಮಾಧಾನಪಡುವುದು ಪರಿಶೀಲನೆಯಲ್ಲ, ಏಕೆಂದರೆ ಅದು ಸರಿಬರಲೇಬೇಕು. ಬೇರೊಂದು ದಾರಿಯ ಸಾಕ್ಷ್ಯ ಬೇಕು. ಅದೇ ಸಾಲಿನಲ್ಲಿ ಪ್ರಮಾಣ 3, ದರ 105.00 ಎಂದಿದ್ದರೆ ಗುಣಾಕಾರವೂ 315.00 ಕೊಡುತ್ತದೆ, ಕಾಣುವ 31ಕ್ಕೂ ಅದು ಹೊಂದುತ್ತದೆ. ಆಗ ಧೈರ್ಯವಾಗಿ ಒಪ್ಪಬಹುದು. ಕಳೆದಾಗ 310.00 ಬಂದು ಗುಣಿಸಿದಾಗ 315.00 ಬಂದರೆ, ಎರಡೂ 31ಕ್ಕೆ ಹೊಂದುವುದರಿಂದ, ನಡುವೆ ರಿಯಾಯಿತಿಯೋ ಪೂರ್ಣಾಂಕಗೊಳಿಸುವಿಕೆಯೋ ಇದೆಯೇ ಎಂದು ನೋಡಿ. ಕಾರಣ ಸಿಗದಿದ್ದರೆ ಅಂಕಿಯನ್ನು ಭಾಗಶಃ ಎಂದೇ ಬಿಡಿ. ಎರಡು ಸಾಲುಗಳು ಹರಿದುಹೋಗಿದ್ದರೆ ವ್ಯವಕಲನ ಅವೆರಡರ ಕೂಡಿದ ಮೊತ್ತವನ್ನಷ್ಟೇ ಹೇಳಬಲ್ಲದು.

ಹಾಳೆಯಲ್ಲಿ ಮೂರು ಕಾಲಂ ಇಟ್ಟುಕೊಳ್ಳಿ: ಕಂಡಂತೆ `31?.??`, ಲೆಕ್ಕದಿಂದ 315.00, ಆಧಾರವಾಗಿ “ಭಾಗಶಃ, ಗುಣಾಕಾರ ಮತ್ತು ವ್ಯವಕಲನದಿಂದ”. ಇವನ್ನು ಒಂದೇ ಕೋಶದಲ್ಲಿ ಬೆರೆಸಬಾರದು. ಪ್ರಶ್ನಾರ್ಥಕ ಚಿಹ್ನೆಯಿರುವ ಕೋಶವನ್ನು ಸ್ಪ್ರೆಡ್‌ಶೀಟ್ ಪಠ್ಯವೆಂದು ಪರಿಗಣಿಸುತ್ತದೆ, ಮತ್ತು ವ್ಯಾಪ್ತಿಯನ್ನು ಕೂಡುವ `SUM` ಅದನ್ನು ಯಾವ ಎಚ್ಚರಿಕೆಯೂ ಇಲ್ಲದೆ ಬಿಟ್ಟುಬಿಟ್ಟು 523.50 ಎಂದು ತೋರಿಸುತ್ತದೆ.

ನಿಮ್ಮ ಬಿಲ್ಲಿನಲ್ಲಿ ಬಲ ಅಂಚು ಹೋಗಿರುವುದು ಒಂದು ರೀತಿಯಲ್ಲಿ ಅದೃಷ್ಟ, ಏಕೆಂದರೆ ಕೊರತೆ ಕಣ್ಣಿಗೆ ಬೀಳುತ್ತದೆ. ನನ್ನನ್ನು ಹೆಚ್ಚು ಕಾಡುವುದು ಎಡ ಅಂಚು. ಅಲ್ಲಿ ಕತ್ತರಿಸಿದಾಗ 1,240.00 ಎಂಬುದು 240.00 ಆಗಿ, ಪೂರ್ಣ ಸಂಖ್ಯೆಯಂತೆಯೇ ನಿಲ್ಲುತ್ತದೆ. ಅಂಕಿಯ ಎಡಕ್ಕೆ ಖಾಲಿ ಕಾಗದ ಸ್ವಲ್ಪವೂ ಕಾಣದೆ ಅದು ಅಂಚಿಗೇ ತಾಗಿದ್ದರೆ `?240.00` ಎಂದು ಗುರುತಿಸಿ. ಅಂಚಿನಲ್ಲಿ ಅಲ್ಪವಿರಾಮದ ತುಣುಕು ಉಳಿದಿದ್ದರಂತೂ ಅದರ ಎಡಕ್ಕೆ ಅಂಕಿಯಿತ್ತೆಂಬುದು ಖಚಿತ. ಅರ್ಧ ಉಳಿದ ಅಂಕಿಯಲ್ಲೂ ಇದೇ ಎಚ್ಚರ ಬೇಕು: ಬಲ ಅರ್ಧ ಮಾತ್ರ ಉಳಿದರೆ 3 ಮತ್ತು 8 ಬಹುತೇಕ ಒಂದೇ ಆಕಾರ, ಆದ್ದರಿಂದ ಎರಡನ್ನೂ `[3/8]` ಎಂದು ಬರೆದು ಲೆಕ್ಕದಲ್ಲಿ ಎರಡನ್ನೂ ಪರೀಕ್ಷಿಸಿ ನೋಡಿ.