ನೋಟಿಸ್ ಬೆಳಗಾವಿಗೆ ಬಂದಿದೆ, ರಿಟ್ ಧಾರವಾಡದಲ್ಲಿ ಹಾಕಬಹುದಾ?

"ಚಂದಗಡ ತಾಲ್ಲೂಕಿನಲ್ಲಿರುವ ನಮ್ಮ ಹೊಲವನ್ನು ಕಾಲುವೆಗೆ ಅಂತ ಮಹಾರಾಷ್ಟ್ರ ಸರ್ಕಾರ ಸ್ವಾಧೀನ ಮಾಡಿಕೊಳ್ತಾ ಇದೆ. ನಾವಿರೋದು ಬೆಳಗಾವಿಯಲ್ಲಿ, ನೋಟಿಸ್ ಬಂದಿದ್ದೂ ಇಲ್ಲಿಯ ಮನೆಗೇ. ಧಾರವಾಡ ಹೈಕೋರ್ಟ್‌ನಲ್ಲೇ ರಿಟ್ ಹಾಕಬಹುದು ಅಂತ ಒಬ್ಬರು ಹೇಳಿದ್ರು. ನಿಜಾನಾ?"

ಹಾಕಿದರೆ ನಿಲ್ಲೋದಿಲ್ಲ. ನಿಮ್ಮ ಕೇಸು ಬಾಂಬೆ ಹೈಕೋರ್ಟಿನದು. ನಾನು ಧಾರವಾಡ ಪೀಠದಲ್ಲೇ ವಕೀಲಿ ಮಾಡೋದು, ಗಡಿ ಊರುಗಳಿಂದ ಈ ಪ್ರಶ್ನೆ ತುಂಬಾ ಬರುತ್ತೆ, ಹಾಗಾಗಿ ಸ್ವಲ್ಪ ಬಿಡಿಸಿ ಬರೀತೀನಿ.

ನಿಮಗೆ ಹೇಳಿದವರ ಮನಸ್ಸಿನಲ್ಲಿ ಇದ್ದದ್ದು ಹೈಕೋರ್ಟುಗಳಿಗೆ ರಿಟ್ ಅಧಿಕಾರ ಕೊಡೋ ಸಂವಿಧಾನದ 226ನೇ ವಿಧಿಯ ಎರಡನೇ ಉಪವಿಧಿ ಇರಬೇಕು. ಮೊದಲು ಅದು ಇರಲಿಲ್ಲ. ಯಾವ ಅಧಿಕಾರಿಯ ವಿರುದ್ಧ ರಿಟ್ ಬೇಕೋ ಆ ಅಧಿಕಾರಿಯ ಕಚೇರಿ ಹೈಕೋರ್ಟಿನ ಗಡಿಯೊಳಗೆ ಇರಲೇಬೇಕಿತ್ತು. 1953ರಲ್ಲಿ ಸಾಕಾ ವೆಂಕಟರಾವ್ ಕೇಸಿನಲ್ಲಿ, ಚುನಾವಣಾ ಆಯೋಗ ದೆಹಲಿಯಲ್ಲಿದೆ, ಆದ್ದರಿಂದ ಮದ್ರಾಸ್ ಹೈಕೋರ್ಟ್ ಅದಕ್ಕೆ ರಿಟ್ ಕೊಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಕೇಂದ್ರ ಸರ್ಕಾರದ ತಪ್ಪನ್ನು ಪ್ರಶ್ನಿಸೋಕೆ ದೇಶದ ಮೂಲೆಮೂಲೆಯ ಜನ ದೆಹಲಿ ಭಾಗದ ಹೈಕೋರ್ಟಿಗೇ ಹೋಗಬೇಕಾಯ್ತು. ಇದನ್ನು ಸರಿಮಾಡಲು 1963ರಲ್ಲಿ 15ನೇ ತಿದ್ದುಪಡಿ ಬಂತು. ಈಗ ಕಚೇರಿ ಎಲ್ಲೇ ಇರಲಿ, ಕಾಸ್ ಆಫ್ ಆಕ್ಷನ್, ಅಂದರೆ ಕೇಸಿಗೆ ಆಧಾರವಾದ ಸಂಗತಿಗಳು, ಪೂರ್ತಿಯಾಗಿ ಅಥವಾ ಭಾಗಶಃ ಎಲ್ಲಿ ಹುಟ್ಟಿದೆಯೋ ಅಲ್ಲಿನ ಹೈಕೋರ್ಟಿಗೆ ಹೋಗಬಹುದು.

ಎಡವಟ್ಟಾಗೋದು ಈ 'ಭಾಗಶಃ' ಅನ್ನೋದರಲ್ಲಿ. ನನಗೆ ತೊಂದರೆ ಆಗಿದ್ದು ಇಲ್ಲಿ, ಕಾಗದ ಓದಿದ್ದು ಇಲ್ಲಿ, ಹಾಗಾದರೆ ಒಂದು ಭಾಗ ಇಲ್ಲೇ ಹುಟ್ಟಿತಲ್ವಾ ಅಂತ ಎಲ್ಲರಿಗೂ ಅನ್ನಿಸುತ್ತೆ. ಕಾನೂನು ಹಾಗೆ ನೋಡಲ್ಲ. ನೀವು ಕೇಳ್ತಿರೋ ಪರಿಹಾರ ಸಿಗಬೇಕಾದರೆ, ಎದುರಿನವರು ಅಲ್ಲಗಳೆದಾಗ, ಯಾವ ಯಾವ ಸಂಗತಿಗಳನ್ನು ನೀವು ಸಾಬೀತು ಮಾಡಲೇಬೇಕೋ ಅವೆಲ್ಲ ಸೇರಿದರೆ ಮಾತ್ರ ಕಾಸ್ ಆಫ್ ಆಕ್ಷನ್. ಉಳಿದದ್ದು ಬರೀ ಹಿನ್ನೆಲೆ, ಎಷ್ಟೇ ನಿಜವಾಗಿದ್ದರೂ.

ನಾನು ಮಾಡೋದು ಇಷ್ಟು. ಅರ್ಜಿಯ ಕರಡಿನಲ್ಲಿ ಒಂದೊಂದೇ ಸಂಗತಿಯ ಮೇಲೆ ಪೆನ್ಸಿಲ್ ಗೆರೆ ಎಳೆದು, ಇದಿಲ್ಲದೆಯೂ ಕೊನೆಯಲ್ಲಿರೋ ಪ್ರಾರ್ಥನೆ ನಿಲ್ಲುತ್ತಾ ಅಂತ ನೋಡ್ತೀನಿ. ನಿಮ್ಮದನ್ನೇ ತಗೊಳ್ಳಿ. ನಿಮ್ಮ ಪ್ರಾರ್ಥನೆ, ಸ್ವಾಧೀನದ ಅಧಿಸೂಚನೆ ರದ್ದು ಮಾಡಿ ಅಂತ. ಅದಕ್ಕೆ ಹೊಲ ನಿಮ್ಮದು ಅನ್ನೋದು ಬೇಕು, ಆ ಹೊಲ ಚಂದಗಡದಲ್ಲಿದೆ, ಮಹಾರಾಷ್ಟ್ರದ ಪಹಣಿಯಾದ ಸಾತ್‌ಬಾರಾ ಉತಾರೆಯೂ ಅಲ್ಲಿಯದೇ. ಅಧಿಸೂಚನೆ ಹೊರಡಿಸಿದ್ದು ಬೇಕು, ಅದು ಮಹಾರಾಷ್ಟ್ರದಲ್ಲಿ. ನಿಮ್ಮ ಆಕ್ಷೇಪಣೆ ಕೇಳಲಿಲ್ಲ ಅನ್ನೋದಾದರೆ, ಕೇಳಬೇಕಾಗಿದ್ದ ಅಧಿಕಾರಿ ಇರೋದೂ ಅಲ್ಲೇ. ಈಗ 'ಅಂಚೆಯವರು ಬೆಳಗಾವಿ ಮನೆಗೆ ನೋಟಿಸ್ ತಂದುಕೊಟ್ಟರು' ಅನ್ನೋ ಸಾಲು ಹೊಡೆದುಹಾಕಿ. ಪ್ರಾರ್ಥನೆಗೆ ಏನಾದರೂ ಕುಂದು ಬಂತಾ? ಇಲ್ಲ. ಅಂದಮೇಲೆ ಆ ಸಾಲಿನಿಂದ ಧಾರವಾಡಕ್ಕೆ ಅಧಿಕಾರ ಬರಲ್ಲ.

ಇದು ನನ್ನ ಸ್ವಂತ ಲೆಕ್ಕಾಚಾರ ಅಲ್ಲ. 1985ರ ಸ್ವಾಯ್ಕಾ ಪ್ರಾಪರ್ಟೀಸ್ ಕೇಸು ಹೆಚ್ಚುಕಮ್ಮಿ ನಿಮ್ಮದೇ ಕಥೆ. ಜಮೀನು ಜೈಪುರದಲ್ಲಿ, ಸ್ವಾಧೀನ ಮಾಡಿದ್ದು ರಾಜಸ್ಥಾನ ಸರ್ಕಾರ, ಕಂಪನಿಯ ಕಚೇರಿ ಕಲ್ಕತ್ತದಲ್ಲಿ, ನೋಟಿಸ್ ಹೋಗಿದ್ದು ಅಲ್ಲಿಗೆ. ಕಂಪನಿ ಕಲ್ಕತ್ತ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆಯನ್ನೂ ತಂದಿತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ನೋಟಿಸ್ ಜಾರಿಯಾಗಿದ್ದೇ ಕೇಸಿನ ಅವಿಭಾಜ್ಯ ಅಂಗ ಆಗಿದ್ದರೆ ಮಾತ್ರ ಜಾರಿಯಾದ ಜಾಗಕ್ಕೆ ಬೆಲೆ, ಇಲ್ಲದಿದ್ದರೆ ಇಲ್ಲ ಅಂದಿತು. 1994ರಲ್ಲಿ ಉತ್ಪಲ್ ಕುಮಾರ್ ಬಸು ಕೇಸಿನಲ್ಲೂ ಅಷ್ಟೇ. ಗುಜರಾತಿನ ಹಜೀರಾದ ಕೆಲಸಕ್ಕೆ ಕರೆದ ಟೆಂಡರ್ ಜಾಹೀರಾತನ್ನು ಕಲ್ಕತ್ತದಲ್ಲಿ ಕೂತು ಓದಿದೆ, ಅಲ್ಲಿಂದಲೇ ಟೆಂಡರ್ ಕಳಿಸಿದೆ ಅಂದಮಾತ್ರಕ್ಕೆ ಕಲ್ಕತ್ತ ಹೈಕೋರ್ಟಿಗೆ ಅಧಿಕಾರ ಬರಲ್ಲ ಅಂತಾಯ್ತು.

ಹಾಗಂತ ಮನೆಗೆ ಬಂದ ಕಾಗದಕ್ಕೆ ಯಾವತ್ತೂ ಬೆಲೆಯಿಲ್ಲ ಅಂತ ತಿಳ್ಕೋಬೇಡಿ. 2014ರ ನವಲ್ ಕಿಶೋರ್ ಶರ್ಮಾ ಕೇಸು ನೋಡಿ. ಅವರು ಹಡಗಿನಲ್ಲಿ ದುಡೀತಿದ್ದವರು, ಆರೋಗ್ಯ ಕೆಟ್ಟು ಕೆಲಸಕ್ಕೆ ಅನರ್ಹ ಅನ್ನಿಸಿಕೊಂಡು ಬಿಹಾರದ ಗಯಾದಲ್ಲಿ ನೆಲೆಸಿದ್ದರು. ಅಂಗವೈಕಲ್ಯ ಪರಿಹಾರಕ್ಕೆ ಅಲ್ಲಿಂದಲೇ ಕಾಗದ ಬರೆದರು, ಕೊಡೋದಿಲ್ಲ ಅನ್ನೋ ಉತ್ತರವೂ ಅಲ್ಲಿಗೇ ಬಂತು. ಪಟ್ನಾ ಹೈಕೋರ್ಟಿಗೆ ಇದನ್ನು ಕೇಳೋ ಅಧಿಕಾರ ಇದೆ ಅಂತ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ಜಗಳ ಇದ್ದದ್ದೇ ಆ ನಿರಾಕರಣೆಯ ಪತ್ರದ ಮೇಲೆ. ಅದನ್ನು ಹೊಡೆದುಹಾಕಿದರೆ ಕೇಸೇ ಉಳಿಯಲ್ಲ. ಅರ್ಜಿಯನ್ನು ತಗೊಂಡು ಮಧ್ಯಂತರ ಆದೇಶ ಕೊಟ್ಟಮೇಲೆ ಹೈಕೋರ್ಟ್ ಅಧಿಕಾರ ಇಲ್ಲ ಅಂದಿತ್ತು, ಅದೂ ಲೆಕ್ಕಕ್ಕೆ ಬಂತು. ನಿಮ್ಮ ಕೇಸಿನಲ್ಲಿ ಜಗಳ ಹೊಲದ ಮೇಲೆ, ಕಾಗದದ ಮೇಲಲ್ಲ.

ಇನ್ನೊಂದು ವಿಷಯ. ಎಲ್ಲೋ ಒಂದು ಸಣ್ಣ ತುಂಡು ಕಾಸ್ ಆಫ್ ಆಕ್ಷನ್ ಇಲ್ಲಿ ಇದೆ ಅಂತ ತೋರಿಸಿದರೂ ಕೋರ್ಟ್ ಅರ್ಜಿ ತಗೊಳ್ಳಲೇಬೇಕು ಅಂತಿಲ್ಲ. ಬೇರೆ ಹೈಕೋರ್ಟೇ ಇದಕ್ಕೆ ಹೆಚ್ಚು ಸೂಕ್ತ ಅಂತ ಕಂಡರೆ ನಿರಾಕರಿಸಬಹುದು ಅಂತ 2004ರ ಕುಸುಮ್ ಇಂಗಾಟ್ಸ್ ತೀರ್ಪಿನಲ್ಲಿದೆ. ಹಾಗಾಗಿ ಸುಮ್ನೆ ಏನೋ ಒಂದು ಕೊಂಡಿ ಹುಡುಕಿ ಅರ್ಜಿಯಲ್ಲಿ ಸೇರಿಸೋದರಿಂದ ಪ್ರಯೋಜನ ಇಲ್ಲ.

ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗೋಣ ಅಂದ್ಕೊಂಡಿದ್ದರೆ ಅದೂ ಬೇಡ. 32ನೇ ವಿಧಿ ಮೂಲಭೂತ ಹಕ್ಕುಗಳಿಗೆ, ಆಸ್ತಿ ಹಕ್ಕು ಈಗ 300ಎ ವಿಧಿಯಲ್ಲಿದೆ, ಮೂಲಭೂತ ಹಕ್ಕಲ್ಲ.

ನಿಮಗೆ ಒಂದು ಅನುಕೂಲ ಇದೆ. ಬಾಂಬೆ ಹೈಕೋರ್ಟಿನ ಸಂಚಾರಿ ಪೀಠ 2025ರ ಆಗಸ್ಟ್ 18ರಿಂದ ಕೊಲ್ಹಾಪುರದಲ್ಲೇ ಕೆಲಸ ಶುರು ಮಾಡಿದೆ, ಚಂದಗಡ ಸೇರಿದಂತೆ ಕೊಲ್ಹಾಪುರ ಜಿಲ್ಲೆಯ ಕೇಸುಗಳು ಅಲ್ಲಿಗೇ ಹೋಗುತ್ತವೆ. ಮುಂಬೈವರೆಗೆ ಅಲೆಯಬೇಕಿಲ್ಲ.

ನಿಜವಾದ ಅಪಾಯ ಇರೋದು ಸಮಯದಲ್ಲಿ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಪ್ರಾಥಮಿಕ ಅಧಿಸೂಚನೆ ಪ್ರಕಟವಾದ ಮೇಲೆ ಆಕ್ಷೇಪಣೆಗೆ ಇರೋದು 60 ದಿನ. ಅಷ್ಟರಲ್ಲಿ ನೀವು ಧಾರವಾಡದಲ್ಲಿ ವಾದ ಮಾಡ್ತಾ ಕೂತರೆ ಅಲ್ಲಿ ಪರಿಹಾರ ನಿಗದಿ ಮಾಡೋ ಆದೇಶ, ಅಂದರೆ ಅವಾರ್ಡ್, ಆಗಿ, ಸ್ವಾಧೀನವೂ ಮುಗಿದಿರುತ್ತೆ. ಆಮೇಲೆ ಸರಿಯಾದ ಕೋರ್ಟಿಗೆ ಹೋದರೂ ಇಷ್ಟು ತಡ ಯಾಕೆ ಅನ್ನೋದೇ ಮೊದಲ ಪ್ರಶ್ನೆ. ಆದ್ದರಿಂದ ಮೊದಲು ಆಕ್ಷೇಪಣೆ ಬರೆದು ಅಲ್ಲಿನ ಕಚೇರಿಗೆ ಕೊಟ್ಟು, ಸೀಲ್ ಹಾಕಿಸಿದ ಪ್ರತಿ ಇಟ್ಕೊಳ್ಳಿ.

ನೋಟಿಸ್ ಬಂದ ಲಕೋಟೆ ಬಿಸಾಡಬೇಡಿ. ಮುಂದೆ ಪರಿಹಾರದ ಮೊತ್ತ ಕಡಿಮೆ ಆಯ್ತು ಅಂತ 64ನೇ ಸೆಕ್ಷನ್‌ನಲ್ಲಿ ಅರ್ಜಿ ಹಾಕೋದಾದರೆ, ಅವಾರ್ಡ್ ಆಗುವಾಗ ನೀವು ಅಲ್ಲಿ ಇಲ್ಲದಿದ್ದಲ್ಲಿ, ಕಲೆಕ್ಟರ್ ಕಳಿಸಿದ ನೋಟಿಸ್ ಕೈಗೆ ಬಂದು ಆರು ವಾರ ಅಥವಾ ಅವಾರ್ಡ್ ಆಗಿ ಆರು ತಿಂಗಳು, ಯಾವುದು ಮೊದಲು ಮುಗಿಯುತ್ತೋ ಅಷ್ಟೇ ಗಡುವು. ಅಲ್ಲಿ ಬಟವಾಡೆಯ ತಾರೀಖು ಬೇಕೇ ಬೇಕಾಗುತ್ತೆ, ಹಾಗಾಗಿ ಇನ್ನು ಬರೋ ಎಲ್ಲ ಲಕೋಟೆಗಳನ್ನೂ ಜೋಪಾನ ಮಾಡಿ.

ಈಗಾಗಲೇ ಧಾರವಾಡದಲ್ಲಿ ಅರ್ಜಿ ಹಾಕಿಬಿಟ್ಟಿದ್ದರೆ ವಜಾ ಆಗೋವರೆಗೆ ಕಾಯಬೇಡಿ. ಸರಿಯಾದ ಹೈಕೋರ್ಟಿಗೆ ಹೋಗಲು ಸ್ವಾತಂತ್ರ್ಯ ಕೊಟ್ಟು ವಾಪಸ್ ಪಡೆಯಲು ಬಿಡಿ ಅಂತ ನಿಮ್ಮ ವಕೀಲರು ಮೆಮೊ ಹಾಕಲಿ, ಆ ಸ್ವಾತಂತ್ರ್ಯದ ಮಾತು ಆದೇಶದಲ್ಲಿ ಬರೆದಿದೆಯಾ ಅಂತ ಪ್ರಮಾಣೀಕೃತ ಪ್ರತಿ ತೆಗೆಸಿ ನೋಡಿಕೊಳ್ಳಿ.